‘ಇಲ್ಲದ’ ಎಂಬ ರೂಪ: ಕನ್ನಡ ಲಿಪಿಯ ತುಳು ಪ್ರಕಟಣೆಯ ಒಂದು ಓದು

ಮಂಗಳೂರಿನ ಬಾಸೆಲ್ ಮಿಷನ್ 1840ರ ದಶಕದಲ್ಲಿ ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡತೊಡಗಿತು. ತಿಗಳಾರಿ ಲಿಪಿ ಅದುವರೆಗೆ ಬಹುಮಟ್ಟಿಗೆ ಸಂಸ್ಕೃತ ಗ್ರಂಥಗಳಿಗೆ ಬಳಕೆಯಾಗುತ್ತಿತ್ತು. 1886ರ ಮ್ಯಾನರ್ ನಿಘಂಟಿನ ಹೊತ್ತಿಗೆ ಈ ರೂಢಿ ನೆಲೆಗೊಂಡಿತ್ತು. ಅದರ ಒಂದು ಪರಿಣಾಮವೆಂದರೆ, ಕರಾವಳಿಯ ತುಳು ಪ್ರಕಟಣೆಯನ್ನು ಇಂದಿಗೂ ತುಳು ಅರಿಯದ ಕಣ್ಣು ಕನ್ನಡವೆಂದೇ ಓದಲು ತೊಡಗುತ್ತದೆ. ಅಕ್ಷರಗಳು ಅದನ್ನು ತಡೆಯುವುದಿಲ್ಲ.

ಒಂದು ಮಾದರಿ ವಾಕ್ಯವನ್ನು ನೋಡೋಣ: ‘ಇಲ್ಲದಕುಲು ಮಾತೆರ್ಲಾ ಬರೊಡು, ವನಸ್ ಉಂಡು.’ ಮನೆಯವರೆಲ್ಲರೂ ಬರಬೇಕು, ಊಟ ಇದೆ ಎಂದು ಇದರ ಅರ್ಥ. ಕನ್ನಡದ ಓದುಗನಿಗೆ ಮೊದಲ ಪದದಲ್ಲಿ ‘ಇಲ್ಲದವರು’ ಕಾಣುತ್ತಾರೆ. ‘ಮಾತೆರ್ಲಾ’ದಲ್ಲಿ ಮಾತೆಯರೂ ಕಾಣಬಹುದು.

ಗೊಂದಲದ ಬೇರು ಹಳೆಯದು. ದ್ರಾವಿಡದಲ್ಲಿ ‘ಇಲ್’ ಎಂಬ ಎರಡು ಬೇರೆ ಧಾತುಗಳಿವೆ: ಒಂದು ಮನೆ, ಇನ್ನೊಂದು ಅಭಾವ. ತುಳು ಮೊದಲನೆಯದನ್ನು ‘ಇಲ್ಲ್’ ಎಂದು ಉಳಿಸಿಕೊಂಡು, ನಿಷೇಧಕ್ಕೆ ‘ಇಜ್ಜಿ’ ಎನ್ನುತ್ತದೆ. ಕನ್ನಡದಲ್ಲಿ ನಿಷೇಧದ ‘ಇಲ್ಲ’ ಉಳಿದು, ವಾಸಸ್ಥಾನಕ್ಕೆ ‘ಮನೆ’ ನಿಂತಿತು. ‘ಇಲ್ಲದ’ ರೂಪದ ಹೋಲಿಕೆಯಂತೂ ಆಕಸ್ಮಿಕವೇ: ತುಳುವಿನಲ್ಲಿ ‘ದ’ ಷಷ್ಠೀ ಪ್ರತ್ಯಯ, ಕನ್ನಡದಲ್ಲಿ ಅದು ನಿಷೇಧ ಕೃದಂತದ ಭಾಗ. ಹೀಗಾಗಿ ‘ಇಲ್ಲದ ಪುದರ್’ ಎಂದರೆ ಮನೆಯ ಹೆಸರೇ ಹೊರತು ಇಲ್ಲದ ಹೆಸರಲ್ಲ.

‘ಉಂಡು’ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಅದು ಕನ್ನಡದ ‘ಉಂಟು’ವಿನ ಸೋದರರೂಪ, ತುಳುವಿನಲ್ಲಿ ಅನುನಾಸಿಕದ ಬಳಿಕ ವ್ಯಂಜನ ಘೋಷವಾಗಿದೆ. ಕನ್ನಡದಲ್ಲಿ ‘ಉಂಡು’ ಎಂಬುದು ‘ಉಣ್ಣು’ವಿನ ಭೂತ ಕೃದಂತ. ಸಾಮಾನ್ಯವಾಗಿ ಸಂದರ್ಭ ಅರ್ಥಸಂದೇಹವನ್ನು ಕಳೆಯುತ್ತದೆ ಎನ್ನುತ್ತೇವೆ. ಇಲ್ಲಿ ಪಕ್ಕದಲ್ಲೇ ಊಟವಿರುವುದರಿಂದ ಸಂದರ್ಭವೇ ತಪ್ಪು ಅರ್ಥವನ್ನು ಬಲಪಡಿಸುತ್ತದೆ.

ಲಿಪಿಯ ಕೊರತೆಯೂ ಇದಕ್ಕೆ ಸೇರುತ್ತದೆ. ‘ಇಲ್ಲ್’ ಪದದ ಕೊನೆಯ ಅರ್ಧ ಉಕಾರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲವಾದ್ದರಿಂದ ಹಲಂತವೇ ಅದರ ಸ್ಥಾನ ತುಂಬುತ್ತದೆ. ಫಲಕ ಬರೆಯುವವನು ಆ ಗೆರೆಯನ್ನು ಬಿಟ್ಟರೆ ಮನೆಯು ‘ಇಲ್ಲ’ವಾಗುತ್ತದೆ. ‘ಮಲ್ಪುವೆ’ಯ ಸ್ಥಿತಿ ಇದಕ್ಕಿಂತ ಕಷ್ಟ: ‘ನಾನು ಮಾಡುತ್ತೇನೆ’ ಎಂಬಲ್ಲಿನ ವಿವೃತ ಎಕಾರ, ‘ಅವನು ಮಾಡುತ್ತಾನೆ’ ಎಂಬಲ್ಲಿನ ಸಂವೃತ ಎಕಾರ ಎರಡಕ್ಕೂ ಒಂದೇ ಚಿಹ್ನೆ. ಅದನ್ನು ತುಳುವರೂ ಕರ್ತೃಪದ ನೋಡಿಯೇ ತಿಳಿಯಬೇಕು.

ಭಾಷೆಯನ್ನು ಗುರುತಿಸಲು ಸಮಾನ ಪದಗಳನ್ನು ನೆಚ್ಚುವುದಕ್ಕಿಂತ ಪ್ರತ್ಯಯಗಳನ್ನು ನೆಚ್ಚುವುದು ಲೇಸು. ‘ಬರೊಡು’ವಿನ ‘ಒಡು’, ‘ಇಲ್ಲಡ್’ನ ‘ಡ್’ ಕನ್ನಡಕ್ಕೆ ಒಗ್ಗುವುದಿಲ್ಲ. ಹಲಂತದಲ್ಲಿ ಮುಗಿಯುವ ಪದಗಳು ಸಾಲಾಗಿ ಬಂದರೂ ಸಂಶಯ ಹುಟ್ಟಬೇಕು. ಪದಕ್ರಮ ಮಾತ್ರ ನೆರವಿಗೆ ಬಾರದು, ಏಕೆಂದರೆ ‘ಇಲ್ಲದ ನೆಪ’ದಂತೆ ಕನ್ನಡದಲ್ಲೂ ಈ ರೂಪ ವಾಕ್ಯದ ಮೊದಲಿಗೆ ಬರುತ್ತದೆ. ‘ಅಪ್ಪೆ’, ‘ಅಮ್ಮೆ’ಗಳಲ್ಲಿ ಪ್ರತ್ಯಯದ ನೆರವೂ ಸಾಲದು: ತುಳುವಿನಲ್ಲಿ ಮೊದಲನೆಯದು ತಾಯಿ, ಎರಡನೆಯದು ತಂದೆ. ಮರಣದ ಪ್ರಕಟಣೆಯೊಂದನ್ನು ಅನುವಾದಿಸುವವನು ಇಲ್ಲಿ ಎಡವಿದರೆ ತೀರಿಕೊಂಡವರೇ ಬದಲಾಗುತ್ತಾರೆ.