ಒಂದು ಚಾರ್ಜ್‌ಗೆ 146 ಕಿ.ಮೀ. ನಿಜವೇ?

ಎಲೆಕ್ಟ್ರಿಕ್ ಸ್ಕೂಟರ್ ಜಾಹೀರಾತಿನ ಕಿಲೋಮೀಟರ್ ಲೆಕ್ಕ ಸುಳ್ಳಲ್ಲ, ಆದರೆ ಅದು ನಮ್ಮ ರಸ್ತೆಯ ಲೆಕ್ಕವೂ ಅಲ್ಲ. ಬೆಂಗಳೂರಿನದೇ ಆದ ಏಥರ್ ಕಂಪನಿ 2022ರಲ್ಲಿ ತಂದ 450ಎಕ್ಸ್ ಸ್ಕೂಟರನ್ನೇ ನೋಡೋಣ. ಅದರ ಬ್ಯಾಟರಿ 3.7 ಯೂನಿಟ್. ಪ್ರಮಾಣಪತ್ರದ ರೇಂಜ್ 146 ಕಿ.ಮೀ.; ರಸ್ತೆಯಲ್ಲಿ ಸಿಗುವುದು 105 ಎಂದು ಕಂಪನಿಯೇ ಹೇಳಿತ್ತು.

ಈ ವ್ಯತ್ಯಾಸ ಏಕೆ? 146 ಬಂದದ್ದು ಪ್ರಯೋಗಾಲಯದಲ್ಲಿ, ನಿಗದಿಪಡಿಸಿದ ವೇಗದಲ್ಲಿ. ರಸ್ತೆಯಲ್ಲಿ ಸಿಗ್ನಲ್, ಏರು, ಹಿಂದೆ ಕೂತವರ ತೂಕ ಎಲ್ಲವೂ ಚಾರ್ಜ್ ತಿನ್ನುತ್ತವೆ.

ಬಸವನಗುಡಿಯಿಂದ ಚಾಮರಾಜಪೇಟೆ ಹಾದು ಮಲ್ಲೇಶ್ವರಕ್ಕೆ ಹೋಗಿಬರಲು ಸುಮಾರು 20 ಕಿ.ಮೀ. ಎಂದುಕೊಳ್ಳಿ. 146ರ ಲೆಕ್ಕ ನಂಬಿದರೆ ಏಳು ದಿನ ಓಡಬೇಕು. 105ರ ಲೆಕ್ಕದಲ್ಲಿ ಐದೇ ದಿನ. ದಿನವೂ ಇಬ್ಬರು ಕೂತರೆ 80 ಎಂದು ಹಿಡಿಯುವುದು ಕ್ಷೇಮ, ಅಂದರೆ ನಾಲ್ಕು ದಿನ. ಪೂರ್ತಿ ಖಾಲಿಯಾದ ಬ್ಯಾಟರಿ ಮನೆಯಲ್ಲಿ ತುಂಬಲು ಸುಮಾರು ಐದು ಮುಕ್ಕಾಲು ಗಂಟೆ ಬೇಕು, ಹಾಗಾಗಿ ರಾತ್ರಿ ಹಾಕಿಡುವುದೇ ಸುಲಭ.

ವಾರಂಟಿಯಲ್ಲಿ ವರ್ಷದ ಜೊತೆಗೆ ಶೇಕಡಾವಾರನ್ನೂ ಓದಿ. ಏಥರ್ ಹಣ ಪಡೆದು ಕೊಡುವ 'ಏಟ್ 70' ವಾರಂಟಿ 8 ವರ್ಷ ಅಥವಾ 80,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ. ಬ್ಯಾಟರಿಯ ಸಾಮರ್ಥ್ಯ ಶೇ. 70ಕ್ಕಿಂತ ಕೆಳಗಿಳಿದರೆ ಅದು ಅನ್ವಯಿಸುತ್ತದೆ. ಇಂಥ ಷರತ್ತಿನಲ್ಲಿ 105 ಕಿ.ಮೀ. ಓಡುತ್ತಿದ್ದ ಗಾಡಿ 75ಕ್ಕೆ ಇಳಿದರೂ ದೂರು ನಿಲ್ಲುವುದಿಲ್ಲ. ವಾರಂಟಿಯಲ್ಲಿ ಶೇಕಡಾ ಎಷ್ಟೆಂದು ಬರೆದೇ ಇಲ್ಲದಿದ್ದರೆ, ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ.