ಜೂಮ್, ಶಬ್ದ ಮತ್ತು ಅಕ್ಷರ: ಮಾತಿನ ವಿಡಿಯೊದಲ್ಲಿ ಏಕತಾನತೆಯನ್ನು ಮುರಿಯುವ ಸಂಕಲನ ಕ್ರಮ

ಒಬ್ಬ ವ್ಯಕ್ತಿ ಕ್ಯಾಮೆರಾದ ಎದುರು ಕುಳಿತು, ಒಂದೇ ಚೌಕಟ್ಟಿನಲ್ಲಿ, ಹೆಚ್ಚುಕಡಿಮೆ ಒಂದೇ ಧ್ವನಿಮಟ್ಟದಲ್ಲಿ ಹಲವು ನಿಮಿಷ ಮಾತನಾಡುವ ವಿಡಿಯೊವನ್ನು ಸಂಕಲನಕಾರರು 'ಟಾಕಿಂಗ್ ಹೆಡ್' ಎನ್ನುತ್ತಾರೆ. ಇಂಥ ವಿಡಿಯೊ ಸಪ್ಪೆಯೆನಿಸಿದಾಗ ಚಿತ್ರವನ್ನು ತಟ್ಟನೆ ಹಿಗ್ಗಿಸುವ, ಚಿಕ್ಕದೊಂದು ಶಬ್ದವನ್ನು ಸೇರಿಸುವ, ಪರದೆಯ ಮೇಲೆ ನಾಲ್ಕಾರು ಪದಗಳನ್ನು ಮೂಡಿಸುವ ಉಪಾಯಗಳಿಗೆ 'ಪ್ಯಾಟರ್ನ್ ಇಂಟರಪ್ಟ್' ಎಂಬ ಹೆಸರು ಬಳಕೆಯಲ್ಲಿದೆ. ಇಷ್ಟು ಸೆಕೆಂಡಿಗೆ ಒಂದರಂತೆ ಇವನ್ನು ಹಾಕಬೇಕೆಂಬ ಸೂತ್ರವೂ ಸಂಕಲನಕಾರರ ನಡುವೆ ಓಡಾಡುತ್ತಿದೆ. ಈ ಉಪಾಯಗಳಿಗೆ ಶಕ್ತಿ ಬರುವುದು ಅವುಗಳ ಸಂಖ್ಯೆಯಿಂದಲ್ಲ, ಮಾತಿನ ತಿರುವಿನೊಡನೆ ಅವು ಹೊಂದುವ ಸಂಬಂಧದಿಂದ ಎಂಬುದನ್ನು ಗಮನದ ಮನಶ್ಶಾಸ್ತ್ರ ಹಾಗೂ ಸಂಕಲನದ ಮೇಜಿನ ವಿವರಗಳೆರಡರ ಆಧಾರದಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಸುತ್ತಲಿನಲ್ಲಿ ಏನಾದರೂ ಅನಿರೀಕ್ಷಿತವಾಗಿ ಬದಲಾದಾಗ ಪ್ರಾಣಿಗಳು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಅತ್ತ ತಿರುಗುವುದನ್ನು ರಷ್ಯಾದ ಶರೀರಶಾಸ್ತ್ರಜ್ಞ ಇವಾನ್ ಪಾವ್ಲೋವ್ ಗುರುತಿಸಿದ್ದರು. ಇಂದು ಇದನ್ನು ಅಭಿಮುಖ ಪ್ರತಿಕ್ರಿಯೆ ಎನ್ನಬಹುದು: ಕಣ್ಣು, ಕಿವಿಗಳು ಹೊಸ ಪ್ರಚೋದನೆಯತ್ತ ಹೊರಳುತ್ತವೆ, ಹೃದಯಬಡಿತ ಕೆಲವು ಸೆಕೆಂಡು ನಿಧಾನವಾಗುತ್ತದೆ, ಮಿದುಳು ಹೊಸ ಮಾಹಿತಿಗೆ ಜಾಗ ಮಾಡಿಕೊಡುತ್ತದೆ. ಪಾವ್ಲೋವರ ನಂತರದ ತಲೆಮಾರಿನ ಯೆವ್ಗೆನಿ ಸೊಕೊಲೋವ್ ಈ ಪ್ರತಿಕ್ರಿಯೆಯ ಮಿತಿಯನ್ನೂ ತೋರಿಸಿದರು. ಒಂದೇ ಧ್ವನಿಯನ್ನು ಮತ್ತೆ ಮತ್ತೆ ಕೇಳಿಸಿದರೆ ಪ್ರತಿಕ್ರಿಯೆ ಕ್ರಮೇಣ ಕುಗ್ಗಿ ಇಲ್ಲವಾಗುತ್ತದೆ. ಏಕೆಂದರೆ ಮಿದುಳು ಆ ಧ್ವನಿಯ ಒಂದು ಮಾದರಿಯನ್ನು ಕಟ್ಟಿಕೊಂಡು, ಬಂದದ್ದು ಆ ಮಾದರಿಗೆ ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ. ಅವರ ಪ್ರಯೋಗಗಳಲ್ಲಿ ರೂಢಿಯಾದ ಧ್ವನಿಯನ್ನು ಎಂದಿಗಿಂತ ಬೇಗ ನಿಲ್ಲಿಸಿದಾಗ, ಧ್ವನಿ ಇರಬೇಕಾದಲ್ಲಿ ಮೌನವಿದ್ದುದಕ್ಕೇ ಆ ಪ್ರತಿಕ್ರಿಯೆ ಮರಳಿ ಬಂದಿತು. ಸಂಕಲನಕಾರನಿಗೆ ಈ ಕೊನೆಯ ಅಂಶ ಬಹಳ ಮುಖ್ಯ. ಐದು ಸೆಕೆಂಡಿಗೊಮ್ಮೆ ತಪ್ಪದೆ ಬರುವ ಜೂಮ್ ಕೆಲವೇ ಹೊತ್ತಿನಲ್ಲಿ ತಾನೇ ಏಕತಾನವಾಗುತ್ತದೆ. ಆಗ ಗಮನವನ್ನು ಮರಳಿ ಸೆಳೆಯುವುದು ಇನ್ನೊಂದು ಜೂಮ್ ಅಲ್ಲ, ಹಿನ್ನೆಲೆ ಸಂಗೀತ ಹಠಾತ್ತನೆ ನಿಂತು ಮಾತೊಂದೇ ಉಳಿಯುವ ಕ್ಷಣ.

ದೃಶ್ಯಮಾಧ್ಯಮಕ್ಕೆ ಈ ವಿಚಾರವನ್ನು ವಿಸ್ತರಿಸಿದವರಲ್ಲಿ ಅಮೆರಿಕದ ಸಂವಹನ ಸಂಶೋಧಕಿ ಆ್ಯನಿ ಲ್ಯಾಂಗ್ ಪ್ರಮುಖರು. 2000ರಲ್ಲಿ ಪ್ರಕಟವಾದ ಅವರ ಸೀಮಿತ ಸಾಮರ್ಥ್ಯದ ಮಾದರಿಯ ಪ್ರಕಾರ, ನೋಡುಗನ ಬಳಿ ಇರುವ ಮಾನಸಿಕ ಸಂಪನ್ಮೂಲ ಒಂದು ಮಿತಿಗೆ ಒಳಪಟ್ಟಿದೆ. ಪ್ರತಿಯೊಂದು ದೃಶ್ಯ ಬದಲಾವಣೆಯೂ ಅದರಲ್ಲಿ ಸ್ವಲ್ಪವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅದೇ ದೃಶ್ಯದೊಳಗೆ ಕೋನ ಅಥವಾ ಅಳತೆ ಮಾತ್ರ ಬದಲಾದರೆ ಹೀಗೆ ಸೆಳೆದ ಗಮನ ಹೇಳುತ್ತಿರುವ ಮಾತಿಗೇ ದಕ್ಕುತ್ತದೆ; ಸಂಬಂಧವಿಲ್ಲದ ಹೊಸ ದೃಶ್ಯ ಬಂದರೆ ಅದನ್ನು ಅರ್ಥಮಾಡಿಕೊಳ್ಳುವುದಕ್ಕೇ ಅದು ವ್ಯಯವಾಗುತ್ತದೆ. ಮಾತನಾಡುತ್ತಿರುವ ಮುಖವನ್ನೇ ಹಿಗ್ಗಿಸುವ ಜೂಮ್ ಅಗ್ಗವೂ ಹೌದು, ನಿರಪಾಯವೂ ಹೌದು. ನಡುವೆ ತೂರಿಸುವ ಹಾಸ್ಯದ ತುಣುಕು ದುಬಾರಿ ಎನ್ನುವುದಕ್ಕೆ ಕಾರಣ ಇದೇ. ರೊಕ್ಸಾನಾ ಮೊರೆನೊ ಮತ್ತು ರಿಚರ್ಡ್ ಮೇಯರ್ ಅವರು ಅದೇ ವರ್ಷ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಿಂಚು ಹುಟ್ಟುವ ಬಗೆಯನ್ನು ವಿವರಿಸುವ ಪಾಠಕ್ಕೆ ಹಿನ್ನೆಲೆ ಸಂಗೀತವನ್ನು ಸೇರಿಸಿದಾಗ ಕಲಿಕೆ ಕುಗ್ಗಿತ್ತು. ನೋಡುಗನನ್ನು ಹಿಡಿದಿಡುವುದೂ ಅವನಿಗೆ ವಿಷಯ ತಿಳಿಯುವುದೂ ಬೇರೆ ಬೇರೆ ಎಂಬುದನ್ನು ಸಂಕಲನದ ಮೇಜಿನ ಮುಂದೆ ಮರೆಯುವುದು ಬಹಳ ಸುಲಭ.

ಈ ತತ್ತ್ವಗಳು ಕೆಲಸದಲ್ಲಿ ಹೇಗೆ ಇಳಿಯುತ್ತವೆ ಎಂಬುದನ್ನು ನೋಡಲು ಒಂದು ಕಲ್ಪಿತ ವಿಡಿಯೊವನ್ನು ತೆಗೆದುಕೊಳ್ಳಬಹುದು. ಕರ್ನಾಟಕದ ಪಹಣಿಯನ್ನು ಓದುವುದು ಹೇಗೆಂದು ಒಬ್ಬರು ನಾಲ್ಕು ನಿಮಿಷ ವಿವರಿಸುತ್ತಾರೆ: ಮೊದಲು ನಮಸ್ಕಾರ, ಪರಿಚಯ, ಬಳಿಕ ಮಾಲೀಕರ ಹೆಸರಿರುವ 9ನೇ ಕಾಲಂ, ಆಮೇಲೆ ಸಾಲ ಮೊದಲಾದ ಋಣಗಳು ದಾಖಲಾಗುವ 11ನೇ ಕಾಲಂ, ಕೊನೆಗೆ ಜಮೀನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮಾತು ಸರಿಯಾಗಿದೆ, ಆದರೆ ಇಡೀ ವಿಡಿಯೊ ಒಂದೇ ಚೌಕಟ್ಟಿನಲ್ಲಿದೆ.

ಇಲ್ಲಿ ಮೊದಲ ಕೆಲಸ ಏನನ್ನೂ ಸೇರಿಸುವುದಲ್ಲ, ತೆಗೆಯುವುದು. ಉಸಿರೆಳೆಯುವ ದೀರ್ಘ ವಿರಾಮಗಳು, 'ಏನಪ್ಪಾ ಅಂದ್ರೆ' ಎಂಬಂಥ ಊರುಗೋಲಿನ ಮಾತುಗಳು, ಎರಡು ಬಾರಿ ಹೇಳಿದ ವಾಕ್ಯಗಳು ಹೋದರೆ ಸಪ್ಪೆತನದ ದೊಡ್ಡ ಪಾಲು ತಾನಾಗಿ ಹೋಗುತ್ತದೆ. ಹಾಗೆ ಕತ್ತರಿಸಿದ ಕಡೆಯಲ್ಲೆಲ್ಲ ತಲೆ ಥಟ್ಟನೆ ಜಿಗಿದಂತೆ ಕಾಣುತ್ತದೆ. ಇದೇ ಜಂಪ್ ಕಟ್. 1960ರ ತಮ್ಮ 'ಬ್ರೆತ್‌ಲೆಸ್' ಚಿತ್ರದಲ್ಲಿ ನಿರ್ದೇಶಕ ಗೊದಾರ್ ಇದನ್ನು ಬೇಕೆಂದೇ ಬಳಸಿ ಹೆಸರಾದರು. ಪಹಣಿಯ ಪಾಠದಲ್ಲಿ ಮಾತ್ರ ಅದು ತಪ್ಪಿನಂತೆ ಕಾಣುವ ಸಂಭವವೇ ಹೆಚ್ಚು. ಪಂಚ್-ಇನ್ ಎಂಬ ತಟ್ಟನೆಯ ಜೂಮ್ ಇಲ್ಲಿ ಎರಡು ಕೆಲಸ ಮಾಡುತ್ತದೆ: ಜಿಗಿತವನ್ನು ಮುಚ್ಚುತ್ತದೆ, ಗಮನವನ್ನೂ ಕರೆಯುತ್ತದೆ. ಕತ್ತರಿಸಿದ ಬಿಂದುವಿನ ನಂತರದ ತುಣುಕನ್ನು ಶೇ 115ರಿಂದ 120ರ ಅಳತೆಗೆ ಹಿಗ್ಗಿಸಿದರೆ ಅದು ಎರಡನೆಯ ಕ್ಯಾಮೆರಾದ ಚಿತ್ರದಂತೆ ಕಾಣುತ್ತದೆ. ಶೇ 103–104ರಷ್ಟೇ ಹಿಗ್ಗಿಸಿದರೆ ನೋಡುಗನಿಗೆ ಬದಲಾವಣೆ ಸ್ಪಷ್ಟವಾಗದೆ, ಏನೋ ಅಲುಗಾಡಿತೆಂಬ ಕಿರಿಕಿರಿ ಮಾತ್ರ ಉಳಿಯುತ್ತದೆ.

ಹಿಗ್ಗಿಸುವಾಗ ಕಣ್ಣುಗಳ ಸ್ಥಾನವನ್ನು ಕಾಯ್ದುಕೊಳ್ಳುವುದು ಅಗತ್ಯ. 1920×1080 ಚೌಕಟ್ಟಿನಲ್ಲಿ ಕಣ್ಣುಗಳು ಮೇಲಿನಿಂದ 360ನೇ ಪಿಕ್ಸೆಲ್‌ನಲ್ಲಿವೆ ಎಂದುಕೊಂಡರೆ, ಚೌಕಟ್ಟಿನ ನಡುವಿನಿಂದ ಅವು 180 ಪಿಕ್ಸೆಲ್ ಮೇಲಿರುತ್ತವೆ. ಶೇ 120ಕ್ಕೆ ಹಿಗ್ಗಿಸಿದೊಡನೆ ಆ ಅಂತರ 216 ಆಗಿ, ಕಣ್ಣುಗಳು 36 ಪಿಕ್ಸೆಲ್ ಮೇಲಕ್ಕೆ ಸರಿಯುತ್ತವೆ. ಚಿತ್ರವನ್ನು ಅಷ್ಟೇ ಕೆಳಗಿಳಿಸಿದರೆ ನೋಡುಗನ ದೃಷ್ಟಿ ನಿಂತಲ್ಲೇ ನಿಲ್ಲುತ್ತದೆ. ಹಾಗೆ ಮಾಡದಿದ್ದರೆ ಪ್ರತಿ ಕಟ್‌ನಲ್ಲಿಯೂ ಕಣ್ಣು ಮುಖವನ್ನು ಹುಡುಕಬೇಕಾಗುತ್ತದೆ. ಚಿತ್ರೀಕರಣ 3840×2160ರಲ್ಲಿ ನಡೆದಿದ್ದು ಅಂತಿಮ ವಿಡಿಯೊ 1920×1080 ಆಗಿದ್ದರೆ ಎರಡು ಪಟ್ಟಿನವರೆಗೆ ಹಿಗ್ಗಿಸಿದರೂ ಸ್ಪಷ್ಟತೆ ಕೆಡುವುದಿಲ್ಲ. ಎರಡೂ ಒಂದೇ ಅಳತೆಯವಾದರೆ ಶೇ 120ರ ಆಚೆಗೆ ಚಿತ್ರ ಮಸುಕಾಗತೊಡಗುತ್ತದೆ.

ಪಹಣಿಯ ವಿಡಿಯೊದಲ್ಲಿ ಅಳತೆ ಬದಲಾಗಬೇಕಾದ ಜಾಗಗಳನ್ನು ಗಡಿಯಾರ ಹೇಳುವುದಿಲ್ಲ, ಮಾತೇ ಹೇಳುತ್ತದೆ. 9ನೇ ಕಾಲಂನಿಂದ 11ನೆಯದಕ್ಕೆ ದಾಟುವಲ್ಲಿ ಚೌಕಟ್ಟು ಮರಳಿ ಅಗಲವಾಗುತ್ತದೆ, 'ಆದರೆ' ಎಂದು ಮಾತು ಹೊರಳುವಲ್ಲಿ ಹತ್ತಿರವಾಗುತ್ತದೆ. ಕೊನೆಯ ಎಚ್ಚರಿಕೆಗೆ ತಟ್ಟನೆಯ ಜೂಮ್ ಒಗ್ಗುವುದಿಲ್ಲ. ಎಂಟು ಸೆಕೆಂಡುಗಳಲ್ಲಿ ಶೇ 100ರಿಂದ 108ಕ್ಕೆ ಮೆಲ್ಲಗೆ ಸಾಗುವ ಚಲನೆ ಮತ್ತು ಅದೇ ಹೊತ್ತಿಗೆ ನಿಂತುಹೋಗುವ ಹಿನ್ನೆಲೆ ಸಂಗೀತ, ಇವೆರಡೇ ಸಾಕು.

ಶಬ್ದದ ವಿಷಯದಲ್ಲಿ ಜಿಪುಣತನವೇ ಲೇಸು. ಗಾಳಿ ಸೀಳಿದಂಥ 'ಹೂಶ್' ಶಬ್ದವನ್ನು ಬಳಸುವುದಾದರೆ ಅದು ಕಟ್‌ಗಿಂತ ಮೊದಲೇ ಆರಂಭವಾಗಿ, ಅದರ ಶಿಖರ ಸರಿಯಾಗಿ ಚಿತ್ರ ಬದಲಾಗುವ ಫ್ರೇಮಿನ ಮೇಲೆ ಬೀಳಬೇಕು. ಸೆಕೆಂಡಿಗೆ 25 ಫ್ರೇಮುಗಳಿರುವಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡು, ನಾಲ್ಕೈದು ಫ್ರೇಮ್ ತಡವಾದರೂ ಶಬ್ದ ಹಿಂದೆ ಬಿದ್ದಂತೆ ಕೇಳುತ್ತದೆ. ಮಾತಿನ ಶಿಖರಕ್ಕಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗೆ ಇಟ್ಟರೆ ಶಬ್ದ ಕೇಳಿಸುತ್ತದೆ, ಆದರೆ ಮಾತಿನ ಮೇಲೆ ಏರಿ ಕೂರುವುದಿಲ್ಲ. ಹೆಡ್‌ಫೋನಿನಲ್ಲಿ ಗಂಭೀರವಾಗಿ ಕೇಳುವ ತಗ್ಗು ಸ್ಥಾಯಿಯ 'ಧಂ' ಶಬ್ದ ಫೋನಿನ ಪುಟ್ಟ ಸ್ಪೀಕರಿನಲ್ಲಿ ಬಹುಪಾಲು ಮಾಯವಾಗುವುದರಿಂದ, ಕೊನೆಯ ಪರೀಕ್ಷೆಯನ್ನು ಫೋನಿನಲ್ಲಿಯೇ ಮಾಡಬೇಕಾಗುತ್ತದೆ.

ಅಕ್ಷರಗಳ ವಿಷಯ ಇವೆರಡಕ್ಕಿಂತ ಸೂಕ್ಷ್ಮವಾದುದು. ಹೇಳುತ್ತಿರುವ ಪೂರ್ತಿ ವಾಕ್ಯವನ್ನೇ ಪರದೆಯ ಮೇಲೆ ಬರೆದರೆ ಓದು ಮತ್ತು ಆಲಿಕೆ ಒಂದರ ಕಾಲನ್ನೊಂದು ತುಳಿಯುತ್ತವೆ. '11ನೇ ಕಾಲಂ: ಋಣಗಳು' ಎಂಬಂಥ ಎರಡು ಮೂರು ಪದಗಳಾದರೆ ಅವು ಮಾತಿಗೆ ಗುರುತಿನ ಕಲ್ಲಾಗುತ್ತವೆ. ಎರಡು ಬಾರಿ ಗಟ್ಟಿಯಾಗಿ ಓದಲು ಬೇಕಾಗುವಷ್ಟು ಹೊತ್ತು ಅಕ್ಷರ ನಿಲ್ಲಬೇಕೆಂಬುದು ಒಳ್ಳೆಯ ಕೆಲಸದ ಅಳತೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಪ್ರತ್ಯೇಕವಾದ ತೊಡಕೊಂದಿದೆ. ಒಂದೊಂದೇ ಅಕ್ಷರ ಮೂಡುವ ಟೈಪ್‌ರೈಟರ್ ಪರಿಣಾಮವನ್ನು ಸಂಕೇತಬಿಂದುಗಳ ಲೆಕ್ಕದಲ್ಲಿ, ಅಂದರೆ ಯೂನಿಕೋಡ್‌ನಲ್ಲಿ ಅಕ್ಷರಭಾಗಕ್ಕೆ ಕೊಟ್ಟಿರುವ ಒಂದೊಂದು ಸಂಖ್ಯೆಯ ಲೆಕ್ಕದಲ್ಲಿ, ನಡೆಸುವ ಸಾಧನಗಳಿವೆ. 'ಹಕ್ಕು' ಎಂಬ ಪದ ಓದುಗನಿಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಅದು ಹ, ಕ, ಹಲಂತ ಚಿಹ್ನೆ, ಮತ್ತೊಂದು ಕ, ಉಕಾರ ಎಂಬ ಐದು ಬಿಂದುಗಳು. ಹಾಗಾಗಿ ಪರದೆಯ ಮೇಲೆ ಮೊದಲು 'ಹ', ನಂತರ 'ಹಕ', ಆಮೇಲೆ 'ಹಕ್', ಬಳಿಕ 'ಹಕ್ಕ' ಮೂಡಿ ಕೊನೆಗೆ 'ಹಕ್ಕು' ಆಗುತ್ತದೆ. ಗಮನ ಸೆಳೆಯಬೇಕಾದ ಪದ ಕಾಗುಣಿತದ ತಪ್ಪಿನಂತೆ ಮಿಣುಕುತ್ತದೆ. ಪದಕ್ಕೆ ಪದವಾಗಿ ಅಥವಾ ಇಡೀ ಸಾಲಾಗಿ ಮೂಡಿಸುವುದು ಇದಕ್ಕೆ ಸರಳ ಪರಿಹಾರ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷಿಗಾಗಿ ಮಾಡಿದ ಸಿದ್ಧ ಪೆಟ್ಟಿಗೆಗಳು ಅವುಗಳ ತುದಿಯನ್ನು ಕತ್ತರಿಸುವುದೂ ಉಂಟು. ಕೆಳ ಅಂಚನ್ನು ಕೈಯಾರೆ ಹಿಗ್ಗಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಫಲವನ್ನು ಅಳೆಯುವುದು ಹೇಗೆ? ಯೂಟ್ಯೂಬ್ ತನ್ನ ಸೃಷ್ಟಿಕರ್ತರಿಗೆ ಕೊಡುವ ವೀಕ್ಷಕ ಧಾರಣೆಯ ನಕ್ಷೆ, ಅಂದರೆ ಪ್ರತಿ ಕ್ಷಣದಲ್ಲಿ ಎಷ್ಟು ಪಾಲು ವೀಕ್ಷಣೆ ಉಳಿದಿದೆಯೆಂದು ತೋರಿಸುವ ಗೆರೆ, ಇದಕ್ಕೆ ಮುಖ್ಯ ಆಧಾರ. ಆದರೆ ಅದನ್ನು ಓದುವಲ್ಲಿ ಎರಡು ತಪ್ಪುಗಳು ಸಾಮಾನ್ಯ. ಗೆರೆ ಒಂದು ಕಡೆ ಮೇಲೇರಿದರೆ ಅಲ್ಲಿನ ಸಂಕಲನ ಗೆದ್ದಿತೆಂದು ಭಾವಿಸುವುದು ಮೊದಲನೆಯದು. ಆದರೆ ಅಕ್ಷರಗಳು ಬೇಗ ಮರೆಯಾದುದರಿಂದ ಓದಲಾಗದವರು ಹಿಂದಕ್ಕೆ ಎಳೆದು ನೋಡಿದರೂ ಗೆರೆ ಹಾಗೆಯೇ ಏರುತ್ತದೆ. ವಿಡಿಯೊ ಮುಂದುವರಿದಂತೆ ಇಳಿಜಾರು ಸಮತಟ್ಟಾದರೆ ಅದು ಜೂಮ್‌ಗಳ ಫಲವೆಂದು ನಂಬುವುದು ಎರಡನೆಯದು. ಆಸಕ್ತಿಯಿಲ್ಲದವರು ಮೊದಲೇ ಹೊರಟುಹೋಗಿ ಬೇಕಾದವರಷ್ಟೇ ಉಳಿಯುವುದರಿಂದ, ಏನೂ ಮಾಡದ ವಿಡಿಯೊದಲ್ಲಿಯೂ ಇಳಿಜಾರು ಹಾಗೆಯೇ ತಗ್ಗುತ್ತದೆ. ಅದೇ ವಾಹಿನಿಯ, ಅದೇ ಉದ್ದದ, ಅದೇ ಬಗೆಯ ವಿಷಯದ ಹಳೆಯ ವಿಡಿಯೊಗಳಲ್ಲಿ ಅದೇ ನಿಮಿಷದ ಇಳಿಜಾರಿನೊಡನೆ ಹೋಲಿಸಿದಾಗ ಮಾತ್ರ ಏನಾದರೂ ಹೇಳಬಹುದು. ಆಗಲೂ ವಿಷಯದ ವ್ಯತ್ಯಾಸವನ್ನು ಪೂರ್ತಿಯಾಗಿ ಕಳೆಯಲಾಗದು.

ನಕ್ಷೆಯಲ್ಲಿ ಕುಸಿತವು ಮೊದಲ ಮೂವತ್ತು ಸೆಕೆಂಡಿನಲ್ಲಿಯೇ ಕಂಡರೆ ಅದಕ್ಕೆ ಸಾಮಾನ್ಯ ಕಾರಣ ಚೌಕಟ್ಟಿನ ಜಡತೆಯಲ್ಲ, ಶೀರ್ಷಿಕೆ ಕೊಟ್ಟ ಭರವಸೆಗೆ ಮಾತು ತಡವಾಗಿ ಬರುವುದು. ಪಹಣಿಯ ವಿಡಿಯೊದಲ್ಲಿ ನಮಸ್ಕಾರ, ಪರಿಚಯಗಳಿಗೇ ಅಷ್ಟು ಹೊತ್ತು ಹೋಗಿದ್ದರೆ ಅಲ್ಲಿಗೆ ಜೂಮ್ ಹಚ್ಚುವುದು ವ್ಯರ್ಥ. ಆ ಭಾಗವನ್ನು ಕತ್ತರಿಸಿ, ಜಮೀನು ಕೊಳ್ಳುವವರಿಗೆ ಕೊನೆಯಲ್ಲಿ ಹೇಳಿದ ಎಚ್ಚರಿಕೆಯ ಒಂದು ವಾಕ್ಯವನ್ನು ಮೊದಲಿಗೆ ತರುವುದೇ ಸರಿಯಾದ ದುರಸ್ತಿ.