ಒಂದೇ ನೂಡಲ್ಸ್, ಎರಡು ದೇಶದ ಪೊಟ್ಟಣ: ಛಾಯಾಚಿತ್ರದಲ್ಲಿ ಪ್ರಾದೇಶಿಕ ರೂಪಭೇದಗಳ ಗುರುತಿಸುವಿಕೆ

ಪ್ರಸ್ತಾವನೆ

ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ಬಣ್ಣದ ಪೊಟ್ಟಣಗಳು ಬೇರೆ ಬೇರೆ ದೇಶಗಳಲ್ಲಿ ಬೇರೆ ಪದಾರ್ಥಗಳಿಂದ ತಯಾರಾಗುತ್ತವೆ. ವಸ್ತು ಕೈಯಲ್ಲಿಲ್ಲದೆ ಚಿತ್ರ ಮಾತ್ರ ಇರುವಾಗ ಅವನ್ನು ಹೇಗೆ ಬೇರ್ಪಡಿಸುವುದು ಎಂಬುದನ್ನು ಮ್ಯಾಗಿ ನೂಡಲ್ಸ್‌ನ ನಿದರ್ಶನದ ಮೂಲಕ ಈ ಲೇಖನ ಪರಿಶೀಲಿಸುತ್ತದೆ. ಬಾರ್‌ಕೋಡ್, ಬ್ಯಾಚ್ ಸಂಖ್ಯೆ, ಲೇಬಲ್ಲಿನ ಭಾಷೆ ಈ ಮೂರೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಹಚ್ಚುವುದರಿಂದಲೇ ಹೆಚ್ಚಿನ ತಪ್ಪು ನಿರ್ಣಯಗಳು ಹುಟ್ಟುತ್ತವೆ ಎಂಬುದು ಇಲ್ಲಿನ ವಾದ.

ಈ ಪ್ರಶ್ನೆ ಬರಿಯ ಪಟ್ಟಿ ಮಾಡುವವರದ್ದಲ್ಲ. 2015ರ ಜೂನ್ 5ರಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿಯ ಒಂಬತ್ತು ಬಗೆಗಳನ್ನು ಹಿಂಪಡೆಯಲು ಆದೇಶಿಸಿತು. ಆ ದಿನಗಳಲ್ಲಿ ಸಿಂಗಪುರದ ಮಾರುಕಟ್ಟೆಯಲ್ಲಿದ್ದ ಮ್ಯಾಗಿಯ ಬಹುಪಾಲು ಮಲೇಷ್ಯಾದ್ದು, ಸ್ವಲ್ಪ ಭಾಗ ಭಾರತದ್ದು. ಅಲ್ಲಿನ ಅಧಿಕಾರಿಗಳು ಭಾರತದಲ್ಲಿ ತಯಾರಾದದ್ದರ ಮಾರಾಟವನ್ನಷ್ಟೇ ತಡೆದು, ಪರೀಕ್ಷೆಯ ನಂತರ ಬಿಟ್ಟುಕೊಟ್ಟರು. ಒಂದೇ ಕಪಾಟಿನಲ್ಲಿ ಯಾವ ಪೊಟ್ಟಣ ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಅಂಗಡಿಯವರು ಗುರುತುಗಳನ್ನು ನೋಡಿಯೇ ತೀರ್ಮಾನಿಸಬೇಕಿತ್ತು.

ಬಾರ್‌ಕೋಡ್ ಹೇಳುವುದೇನು

ಭಾರತದ ಮ್ಯಾಗಿ ಪೊಟ್ಟಣದ ಹದಿಮೂರು ಅಂಕಿಗಳ ಸಂಖ್ಯೆ 8901058 ಎಂದು ಆರಂಭವಾಗುತ್ತದೆ, ಮಲೇಷ್ಯಾದ್ದು 9556001 ಎಂದು. ಮೊದಲ ಮೂರು ಅಂಕಿಗಳು, ಅಂದರೆ 890 ಅಥವಾ 955, ಸಂಖ್ಯೆ ನೀಡಿದ ಸಂಸ್ಥೆ ಯಾವ ದೇಶದ್ದು ಎಂಬುದನ್ನಷ್ಟೇ ಸೂಚಿಸುತ್ತವೆ. ಭಾರತದಲ್ಲಿ ತಯಾರಾದ ಸರಕಿನ ಮೇಲೆ ವಿದೇಶಿ ಕಂಪನಿಯ ಸಂಖ್ಯೆ ಇರಬಹುದು, ಹೊರಗೆ ತಯಾರಾದದ್ದರ ಮೇಲೆ 890 ಇರಬಹುದು. ಆದ್ದರಿಂದ ಬಾರ್‌ಕೋಡ್ ನೋಡಿ ‘ಇದು ಇಂಥ ದೇಶದಲ್ಲಿ ತಯಾರಾದದ್ದು’ ಎನ್ನುವಂತಿಲ್ಲ. ‘ಇದು ಇಂಥ ಕಂಪನಿಯ ಇಂಥ ಸರಕು’ ಎನ್ನಬಹುದು.

ಬಾರ್‌ಕೋಡ್ ಕಾರ್ಖಾನೆಯನ್ನೂ ಹೇಳುವುದಿಲ್ಲ. ಬಾಂಬೆ ಹೈಕೋರ್ಟ್ 2015ರ ಆಗಸ್ಟ್ 13ರಂದು ಪ್ರಾಧಿಕಾರದ ಆ ಆದೇಶವನ್ನು ರದ್ದು ಮಾಡಿದ ಮೇಲೆ, ಅಕ್ಟೋಬರಿನಲ್ಲಿ ತಯಾರಿಕೆ ಮತ್ತೆ ಆರಂಭವಾದದ್ದು ನಮ್ಮ ನಂಜನಗೂಡು, ಪಂಜಾಬಿನ ಮೋಗಾ, ಗೋವಾದ ಬಿಚೋಲಿಮ್ ಈ ಮೂರು ಕಡೆ. ಸರಕು ಮತ್ತು ತೂಕ ಒಂದೇ ಆಗಿದ್ದರೆ ಕಾರ್ಖಾನೆ ಬದಲಾದ ಮಾತ್ರಕ್ಕೆ ಹೊಸ ಸಂಖ್ಯೆ ಬೇಕೆಂದು ಬಾರ್‌ಕೋಡ್ ನಿಯಮ ಹೇಳುವುದಿಲ್ಲ.

ಚಿತ್ರದಿಂದ ಸಂಖ್ಯೆ ಓದುವಾಗ ಕೊನೆಯ ಅಂಕಿಯೇ ತಾಳೆಯ ಅಂಕಿ. ಲೆಕ್ಕಕ್ಕಾಗಿ ಕಲ್ಪಿಸಿಕೊಂಡ 890105812345 ಎಂಬ ಹನ್ನೆರಡು ಅಂಕಿಗಳನ್ನು ತೆಗೆದುಕೊಳ್ಳೋಣ. ಬೆಸ ಸ್ಥಾನದ ಅಂಕಿಗಳ ಮೊತ್ತ 22. ಸಮ ಸ್ಥಾನದವುಗಳ ಮೊತ್ತ 24, ಅದರ ಮೂರು ಪಟ್ಟು 72. ಒಟ್ಟು 94. ಮುಂದಿನ ಹತ್ತರ ಗುಣಕಕ್ಕೆ ಆರು ಬೇಕು, ಹಾಗಾಗಿ ಕೊನೆಯ ಅಂಕಿ 6. ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ 3ನ್ನು 8 ಎಂದು ಓದಿದರೆ ಒಟ್ಟು 109 ಆಗಿ ತಾಳೆ ತಪ್ಪುತ್ತದೆ. ಯಾವುದೇ ಒಂದು ಅಂಕಿಯ ತಪ್ಪು ಹೀಗೆ ಸಿಕ್ಕಿಬೀಳುತ್ತದೆ.

ಆದರೆ ಪಕ್ಕಪಕ್ಕದ ಅಂಕಿಗಳು ಅದಲುಬದಲಾಗಿ, ಅವುಗಳ ನಡುವಿನ ವ್ಯತ್ಯಾಸ ಐದೇ ಆಗಿದ್ದರೆ ತಪ್ಪು ಜಾರಿಹೋಗುತ್ತದೆ. 8901058ರಲ್ಲಿಯೇ ಅಂಥ ಜೋಡಿ ಇದೆ. 05ನ್ನು 50 ಎಂದು ಬರೆದುಕೊಂಡರೆ ಒಟ್ಟು 84 ಆಗುತ್ತದೆ, ತಾಳೆಯ ಅಂಕಿ ಆಗಲೂ 6. ಈ ಕಾರಣಕ್ಕೆ ಅಂಕಿಗಳನ್ನು ಕೈಯಿಂದ ನಕಲು ಮಾಡುವುದಕ್ಕಿಂತ ಚಿತ್ರದ ಗೆರೆಗಳನ್ನೇ ಸ್ಕ್ಯಾನ್ ಮಾಡುವುದು ಲೇಸು.

ಬ್ಯಾಚ್ ಸಂಖ್ಯೆ: ತಾಳೆಯಿಲ್ಲದ ಗುರುತು

ತಯಾರಾದ ಜಾಗ ಮತ್ತು ದಿನ ಅಡಗಿರುವುದು ಬ್ಯಾಚ್ ಸಂಖ್ಯೆಯಲ್ಲಿ. ಇದರ ರಚನೆ ಕಂಪನಿಯಿಂದ ಕಂಪನಿಗೆ ಬೇರೆ. ಮ್ಯಾಗಿಯ ಒಡೆತನದ ನೆಸ್ಲೆ ಕಂಪನಿಯ ಕ್ರಮಕ್ಕೆ ಅದೇ ಸಮೂಹದ ಇನ್ನೊಂದು ಸರಕಿನ ದಾಖಲೆ ಸಾಕ್ಷಿ. 2023ರಲ್ಲಿ ಅಮೆರಿಕದಲ್ಲಿ ಹಿಂಪಡೆದ ಟೋಲ್ ಹೌಸ್ ಕುಕಿ ಹಿಟ್ಟಿನ ಒಂದು ಬ್ಯಾಚ್ 311457531K. ಮೊದಲ 3 ವರ್ಷದ ಕೊನೆಯ ಅಂಕಿ, ಅಂದರೆ 2023. ಮುಂದಿನ 114 ವರ್ಷದ ಎಷ್ಟನೆಯ ದಿನ ಎಂಬುದು. ಜನವರಿ, ಫೆಬ್ರವರಿ, ಮಾರ್ಚ್ ಸೇರಿ 90 ದಿನ. ಉಳಿದ 24 ಏಪ್ರಿಲ್‌ನವು. ಕಂಪನಿ ಪ್ರಕಟಿಸಿದ ತಯಾರಿಕೆಯ ದಿನವೂ ಏಪ್ರಿಲ್ 24. ಅದರ ನಂತರದ 5753 ಕಾರ್ಖಾನೆಯ ಸಂಕೇತ.

ಬ್ಯಾಚ್ ಸಂಖ್ಯೆಗೆ ತಾಳೆಯ ಅಂಕಿ ಇರುವುದಿಲ್ಲ. ಅದೂ ಅಲ್ಲದೆ ಅದನ್ನು ಚುಕ್ಕಿಚುಕ್ಕಿಯಾದ ಶಾಯಿಯಲ್ಲಿ, ಬಹಳ ಸಲ ಪೊಟ್ಟಣದ ಸುಕ್ಕಿದ ಅಂಚಿನ ಮೇಲೆ ಹೊಡೆದಿರುತ್ತಾರೆ. ಅಲ್ಲಿ 3, 8, B ಒಂದನ್ನೊಂದು ಹೋಲುತ್ತವೆ. ಆದರೆ ದಿನ ಅಡಗಿರುವ ಬ್ಯಾಚ್‌ಗೆ ಪಕ್ಕದಲ್ಲಿ ಮುದ್ರಿಸಿದ ತಯಾರಿಕೆಯ ದಿನಾಂಕವೇ ತಾಳೆ. 114 ಎಂದು ಓದಿ, ದಿನಾಂಕ ಮಾರ್ಚ್ ತಿಂಗಳನ್ನು ತೋರಿಸಿದರೆ ಎರಡರಲ್ಲೊಂದನ್ನು ತಪ್ಪಾಗಿ ಓದಿದ್ದೇವೆ ಎಂದರ್ಥ. ಆದ್ದರಿಂದ ಬ್ಯಾಚ್ ಮತ್ತು ದಿನಾಂಕ ಎರಡೂ ಒಂದೇ ಚಿತ್ರದಲ್ಲಿ, ಓರೆ ಬೆಳಕಿನಲ್ಲಿ ಬರಬೇಕು. ನಮ್ಮ ಮಾರುಕಟ್ಟೆಯ ಅನೇಕ ಬಿಸ್ಕತ್ತು, ತಿಂಡಿಗಳ ಪೊಟ್ಟಣಗಳಲ್ಲಿ ಹಲವು ಕಾರ್ಖಾನೆಗಳ ವಿಳಾಸ ಮುದ್ರಿಸಿ, ಬ್ಯಾಚ್‌ನ ಮೊದಲ ಅಕ್ಷರ ನೋಡಿ ವಿಳಾಸ ತಿಳಿಯಿರಿ ಎಂದಿರುತ್ತದೆ. ವಿಳಾಸಪಟ್ಟಿಯ ಚಿತ್ರವಿಲ್ಲದೆ ಅಂಥ ಬ್ಯಾಚ್‌ನ ಚಿತ್ರ ಮಾತ್ರ ಇದ್ದರೆ ಪ್ರಯೋಜನವಿಲ್ಲ.

ಭಾಷೆ ಮತ್ತು ಕಾನೂನಿನ ಗುರುತುಗಳು

ಲೇಬಲ್ಲಿನ ಭಾಷೆ ಹೇಳುವುದು ಸರಕು ಯಾವ ಮಾರುಕಟ್ಟೆಗೆಂದು ಸಿದ್ಧವಾಯಿತು ಎಂಬುದನ್ನು. ಭಾರತದ ಆಹಾರ ಲೇಬಲ್ ನಿಯಮದಂತೆ ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿ ಕಡ್ಡಾಯ, ಇತರ ಭಾಷೆಗಳಿಗೆ ಅವಕಾಶವಿದೆ. ಕರ್ನಾಟಕದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿತು. ಹಾಗಾಗಿ ಪೊಟ್ಟಣದ ಮೇಲೆ ಕನ್ನಡ ಕಂಡರೆ ಅದು ಬಲವಾದ ಸುಳಿವು. ಕಾಣದಿದ್ದರೆ, ಅದರಲ್ಲೂ ಹಳೆಯ ಚಿತ್ರಗಳಲ್ಲಿ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಅರಬ್ಬಿ ಲೇಬಲ್ ಹಲವು ದೇಶಗಳಿಗೆ ಸಲ್ಲುವುದರಿಂದ ಅದೂ ಒಂದೇ ದೇಶವನ್ನು ತೋರಿಸುವುದಿಲ್ಲ.

ಭಾಷೆಗಿಂತ ಗಟ್ಟಿಯಾದ ಸಾಕ್ಷ್ಯ ಕಾನೂನಿನ ಗುರುತುಗಳು: ಗರಿಷ್ಠ ಮಾರಾಟ ಬೆಲೆ, ಸಸ್ಯಾಹಾರದ ಹಸಿರು ಚುಕ್ಕಿ, ಹದಿನಾಲ್ಕು ಅಂಕಿಗಳ ಆಹಾರ ಪರವಾನಗಿ ಸಂಖ್ಯೆ. ಪರವಾನಗಿಯಲ್ಲಿ ಮೊದಲ 1ರ ನಂತರದ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 12. ಕೇಂದ್ರ ಪರವಾನಗಿಯಾದರೆ ಆ ಜಾಗದಲ್ಲಿ 00 ಇರುತ್ತದೆ. ದೊಡ್ಡ ಕಾರ್ಖಾನೆಗಳೂ ಆಮದುದಾರರೂ ಕೇಂದ್ರ ಪರವಾನಗಿ ಪಡೆಯುವುದರಿಂದ, ಅಂಥ ಸರಕಿನ ರಾಜ್ಯವನ್ನು ಆ ಎರಡು ಅಂಕಿಗಳಿಂದ ತಿಳಿಯಲಾಗದು.

ಅಂಜನಾಪುರದ ಕಪಾಟು

ಅಂಜನಾಪುರ ಬಡಾವಣೆಯ ಒಂದು ಅಡುಗೆಮನೆಯಲ್ಲಿ ಎರಡು ಹಳದಿ ಪೊಟ್ಟಣಗಳು ಅಕ್ಕಪಕ್ಕ ಇರುವುದು ಈಗ ಅಪರೂಪವಲ್ಲ: ಒಂದು ಪಕ್ಕದ ದಿನಸಿ ಅಂಗಡಿಯದು, ಇನ್ನೊಂದು ಸಿಂಗಪುರದಿಂದ ಬಂದ ಮಗನ ಸೂಟ್‌ಕೇಸಿನದು. ಮೊದಲನೆಯದರಲ್ಲಿ 890, ರೂಪಾಯಿಯ ಬೆಲೆ, ಹಸಿರು ಚುಕ್ಕಿ ಇವೆ. ಎರಡನೆಯದರಲ್ಲಿ 955, ಮಲಯ ಭಾಷೆ, ಹಲಾಲ್ ಮುದ್ರೆ ಇವೆ. ಬೆಲೆ, ಚುಕ್ಕಿ ಎರಡೂ ಇಲ್ಲ. ಇಷ್ಟರಿಂದ ಸರಕು ಮತ್ತು ಮಾರುಕಟ್ಟೆ ಬೇರೆ ಎಂದು ನಿರ್ಣಯಿಸಬಹುದು.

ಇದೇ ಮಲೇಷ್ಯಾ ಪೊಟ್ಟಣ ಜಯನಗರದ ಆಮದು ಸರಕಿನ ಅಂಗಡಿಯಿಂದ ಬಂದಿದ್ದರೆ ಅದರ ಮೇಲೆ ಆಮದುದಾರರ ಹೆಸರು, ವಿಳಾಸ, ಪರವಾನಗಿ ಇರುವ ಸ್ಟಿಕರ್ ಇರಬೇಕು. ಆ ಸ್ಟಿಕರಿನ ಮೇಲಿನ ಹಸಿರು ಚುಕ್ಕಿಯನ್ನು ಮೂಲ ಲೇಬಲ್ಲಿನದೆಂದು ಎಣಿಸಿದರೆ ನಿರ್ಣಯ ತಲೆಕೆಳಗಾಗುತ್ತದೆ. ಸ್ಟಿಕರಿನ ಅಂಚು ಕಾಣುವಂತೆ ಇನ್ನೊಂದು ಚಿತ್ರ ತೆಗೆದರೆ ಈ ಗೊಂದಲ ಉಳಿಯುವುದಿಲ್ಲ.

ಸಮಾಪ್ತಿ

ಒಂದು ಪೊಟ್ಟಣಕ್ಕೆ ನಾಲ್ಕು ಚಿತ್ರ ಬೇಕು: ಮುಂಭಾಗ, ಬಾರ್‌ಕೋಡ್, ಪದಾರ್ಥಪಟ್ಟಿಯೊಡನೆ ವಿಳಾಸ ಮತ್ತು ಪರವಾನಗಿ, ದಿನಾಂಕದೊಡನೆ ಬ್ಯಾಚ್. ಸರಕು ಯಾವುದೆಂದು ಬಾರ್‌ಕೋಡಿನಿಂದ, ಮಾರುಕಟ್ಟೆಯನ್ನು ಭಾಷೆ ಮತ್ತು ಕಾನೂನಿನ ಗುರುತುಗಳಿಂದ, ಕಾರ್ಖಾನೆಯನ್ನು ಬ್ಯಾಚ್ ಮತ್ತು ವಿಳಾಸದಿಂದ ತಿಳಿಯಬೇಕು. ಗುರುತುಗಳು ಒಂದಕ್ಕೊಂದು ಹೊಂದದಿದ್ದಾಗ ಬಹುಮತದ ಕಡೆ ವಾಲದೆ, ಚಿತ್ರವನ್ನು ‘ಅನಿರ್ಣೀತ’ ಎಂದು ದಾಖಲಿಸುವುದೇ ಸರಿ. ನಂಜನಗೂಡಿನ ಪೊಟ್ಟಣವನ್ನು ಮೋಗಾದ್ದರಿಂದ ಬೇರ್ಪಡಿಸಲು ಬ್ಯಾಚ್ ಓದಲೇಬೇಕು. ಅದು ಮಸುಕಾಗಿದ್ದರೆ ‘ಭಾರತದ ಮಾರುಕಟ್ಟೆಯದು’ ಎನ್ನುವಲ್ಲಿಗೇ ನಿರ್ಣಯ ನಿಲ್ಲಬೇಕು.